ಬಿಳಿ ಅಂಚು ಬಿಡಿಸುವುದು

ಬಿಳಿ ಪರದೆಯ ಮುಂದಿಟ್ಟು ಚನ್ನಪಟ್ಟಣದ ಕೆಂಪು ಬುಗುರಿಯ ಫೋಟೊ ತೆಗೆದಿದ್ದಾರೆ ಎನ್ನೋಣ. ಗಿಂಪ್ ತಂತ್ರಾಂಶದಲ್ಲಿ ಮೊದಲು ಆ ಪದರಕ್ಕೆ ಆಲ್ಫಾ ಚಾನೆಲ್ ಸೇರಿಸಬೇಕು. ಇಲ್ಲವಾದರೆ ಅಳಿಸಿದ ಜಾಗ ಪಾರದರ್ಶಕವಾಗದೆ ಹಿನ್ನೆಲೆ ಬಣ್ಣ ತುಂಬಿಕೊಳ್ಳುತ್ತದೆ. ಆಮೇಲೆ Fuzzy Select ಹಿಡಿದು ಬಿಳಿ ಭಾಗದ ಮೇಲೆ ಕ್ಲಿಕ್ಕಿಸಿ, ಆಯ್ಕೆಯಾದದ್ದನ್ನು ಅಳಿಸುವುದು.

ನಿಜವಾದ ತೊಡಕು ಅಂಚಿನದು.

ಅಲ್ಲಿನ ಪಿಕ್ಸೆಲ್‌ಗಳಲ್ಲಿ ಕೆಂಪೂ ಬಿಳಿಯೂ ಬೆರೆತಿರುತ್ತವೆ. ಅವು ಉಳಿದುಬಿಟ್ಟರೆ ಬಿಳಿ ಪುಟದಲ್ಲಿ ಗೊತ್ತೇ ಆಗದ ಗೆರೆ, ಕಪ್ಪು ಪುಟದಲ್ಲಿ ಬುಗುರಿಯ ಸುತ್ತ ಎದ್ದು ಕಾಣುತ್ತದೆ. ಅದಕ್ಕೇ ಕೆಳಗೊಂದು ಕಪ್ಪು ಪದರ ಹಾಕಿ ನೋಡಬೇಕು. ಗೆರೆ ಕಂಡರೆ ಹಿಂದಕ್ಕೆ ಹೋಗಿ, ಆಯ್ಕೆಯನ್ನು Grow ಮೂಲಕ 1 ಪಿಕ್ಸೆಲ್ ಹಿಗ್ಗಿಸಿ ಮತ್ತೆ ಅಳಿಸಬಹುದು. ಬದಲಿಗೆ Threshold ಏರಿಸುತ್ತಾ ಹೋದರೆ, ಅಂಚಿಗೆ ತಾಗಿದ ಅರಗಿನ ಹೊಳಪೂ ಬಿಳಿಯ ಜೊತೆ ಅಳಿಸಿಹೋಗುತ್ತದೆ.

ಕೊನೆಗೆ ಪಿಎನ್‌ಜಿ ರೂಪದಲ್ಲೇ ಉಳಿಸಬೇಕು. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ.