ಹಳೆಯ ಪೋಸ್ಟಿನಲ್ಲಿ ಉಳಿದ ಮೊಬೈಲ್ ನಂಬರ್

2009ರ ಸುಮಾರಿಗೆ ಬೈಕು ಮಾರಬೇಕೆಂದಿದ್ದವರು ಬೈಕ್‌ಪ್ರಿಯರ ಚರ್ಚಾತಾಣಕ್ಕೆ ಹೋಗಿ ಹೆಸರು, ಊರು, ಮೊಬೈಲ್ ನಂಬರ್ ಎಲ್ಲ ಬರೆದು ‘ಬೇಕಾದವರು ಫೋನ್ ಮಾಡಿ’ ಎಂದು ಹಾಕುವುದು ಮಾಮೂಲಾಗಿತ್ತು. ಬೈಕು ಮಾರಿಹೋಯಿತು, ತಾಣ ಮರೆತುಹೋಯಿತು. ಆದರೆ ನಂಬರ್ ಅದೇ ಇದೆ, ಈಗ ಅದಕ್ಕೆ ಬ್ಯಾಂಕ್ ಖಾತೆಯೂ ಯುಪಿಐಯೂ ಅಂಟಿಕೊಂಡಿವೆ. ಯಾರೋ ಹೆಸರು ಹಾಕಿ ಗೂಗಲ್ ಮಾಡಿದರೆ ಆ ಪೋಸ್ಟ್ ಎದ್ದು ಬರುತ್ತದೆ. ಅಳಿಸೋಣವೆಂದು ಹೋದರೆ ತಾಣದಲ್ಲಿ ಅಳಿಸುವ ಗುಂಡಿಯೇ ಇಲ್ಲ.

ಇದು ತಾಣದವರ ಮರೆವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ಹಳೆಯ ಚರ್ಚಾತಾಣಗಳು ಬಹುಪಾಲು phpBBಯಂಥ ತಂತ್ರಾಂಶದ ಮೇಲೆ ನಡೆಯುತ್ತಿದ್ದವು. ಅದರಲ್ಲಿ ಸಾಮಾನ್ಯ ಸದಸ್ಯ ತನ್ನ ಪೋಸ್ಟನ್ನು ಅಳಿಸಬೇಕಾದರೆ ಅಡ್ಮಿನ್ ಆ ಅನುಮತಿ ಕೊಟ್ಟಿರಬೇಕು. ಕೊಟ್ಟಿದ್ದರೂ ಅದು ಚರ್ಚೆಯ ಕೊನೆಯ ಪೋಸ್ಟ್ ಆಗಿದ್ದರೆ ಮಾತ್ರ ನಡೆಯುತ್ತದೆ. ಕೆಳಗೆ ಒಬ್ಬರು ‘ಬೆಲೆ ಎಷ್ಟು?’ ಎಂದು ಕೇಳಿದರೂ ಮುಗಿಯಿತು. ಮೇಲಿನ ಪ್ರಶ್ನೆ ಮಾಯವಾದರೆ ಕೆಳಗಿನ ಉತ್ತರಗಳು ತಲೆಬುಡವಿಲ್ಲದೆ ಉಳಿಯುತ್ತವೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಅದಕ್ಕೇ ‘ಪೋಸ್ಟ್ ಪೂರ್ತಿ ತೆಗೆಯಿರಿ’ ಎಂದು ಕೇಳುವುದಕ್ಕಿಂತ ‘ನನ್ನ ಹೆಸರು, ನಂಬರ್ ಮಾತ್ರ ತೆಗೆಯಿರಿ’ ಎಂದು ಕೇಳುವುದು ಲೇಸು. ಚರ್ಚೆ ಕೆಡುವುದಿಲ್ಲ, ಆದ್ದರಿಂದ ಅಡ್ಮಿನ್ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು.

ಅಡ್ಮಿನ್‌ಗೆ ಬರೆಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ: ನಿಮ್ಮ ನಂಬರ್ ಆ ತಾಣದಲ್ಲಿ ಎಷ್ಟು ಕಡೆ ಇದೆ ಎಂದು ಹುಡುಕುವುದು. ಅಂದು ಉತ್ತರ ಕೊಟ್ಟವರು ‘ಕೋಟ್’ ಗುಂಡಿ ಒತ್ತಿದ್ದರೆ ನಿಮ್ಮ ಪೋಸ್ಟಿನ ಪೂರ್ತಿ ನಕಲು ಅವರ ಪೋಸ್ಟಿನೊಳಗೂ ಕೂತಿರುತ್ತದೆ. ನಿಮ್ಮದನ್ನು ತಿದ್ದಿದರೂ ಅದು ತಿದ್ದುಪಡಿಯಾಗದು. ಗೂಗಲ್‌ನಲ್ಲಿ ಹೀಗೆ ಹುಡುಕಿ, `example.com` ಇರುವಲ್ಲಿ ಆ ತಾಣದ ವಿಳಾಸವನ್ನೂ ಸೊನ್ನೆಗಳ ಜಾಗದಲ್ಲಿ ನಿಮ್ಮ ನಂಬರನ್ನೂ ಹಾಕಿ:

```
site:example.com "0000000000"
site:example.com "00000 00000"
```

ಎರಡು ಬಗೆಯಲ್ಲಿ ಹುಡುಕಬೇಕು, ಏಕೆಂದರೆ ನಂಬರ್ ನಡುವೆ ಜಾಗ ಬಿಟ್ಟು ಬರೆದಿದ್ದರೆ ಮೊದಲನೆಯದಕ್ಕೆ ಸಿಗದೇ ಹೋಗಬಹುದು. ಸಿಕ್ಕ ಪ್ರತಿ ಪುಟದ ವಿಳಾಸ, ಅದರಲ್ಲಿನ ಪೋಸ್ಟಿನ ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನು ಪತ್ರ. ಅಂದು ನೋಂದಾಯಿಸಿದ್ದ ಇಮೇಲ್ ಇನ್ನೂ ಜೀವಂತವಿದ್ದರೆ ಅದರಿಂದಲೇ ಬರೆಯಿರಿ. ಅದಕ್ಕಿಂತ ಒಳ್ಳೆಯ ಗುರುತು ಬೇರೆಯಿಲ್ಲ. ಇಮೇಲ್ ಸತ್ತಿದ್ದರೆ ಅಂದಿನ ಬಳಕೆದಾರ ಹೆಸರು, ಹಳೆಯ ಇಮೇಲ್ ವಿಳಾಸ, ಸೇರಿದ ವರ್ಷ ಬರೆದು, ‘ಪೋಸ್ಟಿನಲ್ಲಿರುವ ನಂಬರಿಗೆ ಕರೆ ಮಾಡಿದರೆ ನಾನೇ ಎತ್ತುತ್ತೇನೆ’ ಎನ್ನಿ. ಆಧಾರ್ ಪ್ರತಿ ಮಾತ್ರ ಕಳಿಸಬೇಡಿ. ಒಂದು ನಂಬರ್ ಮರೆಮಾಡಲು ಹೋಗಿ ಗುರುತು ಚೀಟಿಯನ್ನೇ ಅಪರಿಚಿತರ ಕೈಗೆ ಕೊಟ್ಟಂತಾಗುತ್ತದೆ. ಪತ್ರ ನಾಲ್ಕು ಸಾಲು ಸಾಕು: ಪುಟದ ವಿಳಾಸ, ಪೋಸ್ಟಿನ ಸಂಖ್ಯೆ, ಏನು ತೆಗೆಯಬೇಕು, ಕೋಟ್ ಆಗಿರುವುದು ಎಲ್ಲೆಲ್ಲಿ. ಇಂಥ ತಾಣಗಳನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರೇ ಹೆಚ್ಚು. ಅವರು ಐದು ನಿಮಿಷದಲ್ಲಿ ಮುಗಿಸುವಂತಿದ್ದರೆ ಮುಗಿಸುತ್ತಾರೆ, ವಕೀಲರ ಭಾಷೆಯಲ್ಲಿ ಗದರಿದರೆ ಪತ್ರ ಮೂಲೆ ಸೇರುತ್ತದೆ.

ಇಲ್ಲಿ ಇಬ್ಬಗೆಯ ಎಡವಟ್ಟು ನಡೆಯುತ್ತದೆ. ಕೆಲವರು ಅದೇ ಚರ್ಚೆಯ ಕೆಳಗೆ ‘ದಯವಿಟ್ಟು ಇದನ್ನು ಅಳಿಸಿ’ ಎಂದು ಹೊಸ ಪೋಸ್ಟ್ ಹಾಕುತ್ತಾರೆ. ಹೊಸ ಪೋಸ್ಟ್ ಬಂದ ಕೂಡಲೇ ಹದಿನೈದು ವರ್ಷ ಮಲಗಿದ್ದ ಚರ್ಚೆ ಪಟ್ಟಿಯ ತುದಿಗೇರುತ್ತದೆ, ಹುಡುಕು ಯಂತ್ರಗಳ ಕಣ್ಣಿಗೂ ಮತ್ತೆ ಬೀಳುತ್ತದೆ. ಇನ್ನು ಕೆಲವರು ‘ನನ್ನ ಖಾತೆ ಅಳಿಸಿ’ ಎಂದು ಕೇಳಿ ನಿಶ್ಚಿಂತರಾಗುತ್ತಾರೆ. phpBBಯಲ್ಲಿ ಸದಸ್ಯನನ್ನು ತೆಗೆಯುವಾಗ ಅವನ ಪೋಸ್ಟುಗಳನ್ನು ಅಳಿಸಬೇಕೋ ಉಳಿಸಬೇಕೋ ಎಂದು ಅಡ್ಮಿನ್‌ಗೆ ಪ್ರತ್ಯೇಕ ಆಯ್ಕೆ ಇರುತ್ತದೆ. ಉಳಿಸಿದರೆ ಖಾತೆ ಹೋಗುತ್ತದೆ, ನಂಬರ್ ಉಳಿಯುತ್ತದೆ. ಮೇಲಾಗಿ, ಲಾಗಿನ್ ಆಗಿ ತಿದ್ದಲು ನಿಮಗಿದ್ದ ದಾರಿಯೂ ಮುಚ್ಚುತ್ತದೆ. ವರ್ಡ್‌ಪ್ರೆಸ್ ಬ್ಲಾಗುಗಳದ್ದೂ ಇದೇ ಬಗೆ. ಅದರಲ್ಲಿ 2018ರಿಂದ `Erase Personal Data` ಎಂಬ ಸೌಲಭ್ಯವಿದೆ. ಬ್ಲಾಗಿನ ಒಡೆಯರು ಅದನ್ನು ಬಳಸಿದರೆ ಕಮೆಂಟಿನ ಮೇಲಿನ ಹೆಸರು, ಇಮೇಲ್ ಹೋಗುತ್ತವೆ, ಕಮೆಂಟಿನ ಮಾತು ಹಾಗೆಯೇ ಇರುತ್ತದೆ. ಮಾತಿನೊಳಗೇ ನಂಬರ್ ಬರೆದಿದ್ದರೆ ಅದನ್ನು ಕೈಯಿಂದಲೇ ತಿದ್ದಿಸಬೇಕು.

ಅಡ್ಮಿನ್ ಪುಣ್ಯಾತ್ಮರು, ತಿದ್ದಿದರು ಎನ್ನೋಣ. ಆದರೂ ಗೂಗಲ್ ಫಲಿತಾಂಶದ ಕೆಳಗಿನ ಎರಡು ಸಾಲಿನಲ್ಲಿ ನಂಬರ್ ಇನ್ನೂ ಕಾಣಬಹುದು. ಗೂಗಲ್ ಆ ಪುಟಕ್ಕೆ ಮತ್ತೆ ಬಂದು ನೋಡಿಲ್ಲ, ಅಷ್ಟೇ. ಹಳೆಯ ತಾಣಗಳಿಗೆ ಅದು ಬರುವುದೇ ಅಪರೂಪ. ಅದನ್ನು ಬೇಗ ಮಾಡಿಸಲು ಯಾರು ಬೇಕಾದರೂ ಬಳಸಬಹುದಾದ ಪುಟವಿದು:

```
https://search.google.com/search-console/remove-outdated-content
```

ಅಲ್ಲಿ ತಿದ್ದಿದ ಪುಟದ ವಿಳಾಸ ಕೊಟ್ಟು, ಮೊದಲಿದ್ದು ಈಗ ಪುಟದಲ್ಲಿಲ್ಲದ ಒಂದು ಪದವನ್ನು ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ಅದು ಮೊಬೈಲ್ ನಂಬರ್. ಅದೇ ಪುಟದ ಯಾವುದೋ ಕೋಟ್‌ನಲ್ಲಿ ನಂಬರ್ ಉಳಿದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ತಿರಸ್ಕೃತವಾಯಿತೆಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಡ್ಮಿನ್ ತಿದ್ದುವ ಮೊದಲೇ ಈ ಅರ್ಜಿ ಹಾಕಿದರೂ ಪ್ರಯೋಜನವಿಲ್ಲ.

ಅಡ್ಮಿನ್ ಉತ್ತರವನ್ನೇ ಕೊಡದಿದ್ದರೆ ದಾರಿ ಬೇರೆ. ಫೋನ್ ನಂಬರ್, ಮನೆ ವಿಳಾಸ, ಇಮೇಲ್‌ನಂಥ ವೈಯಕ್ತಿಕ ಮಾಹಿತಿ ಇರುವ ಪುಟವನ್ನು ತನ್ನ ಫಲಿತಾಂಶದಿಂದ ಕೈಬಿಡಲು ಗೂಗಲ್ ಪ್ರತ್ಯೇಕ ಅರ್ಜಿ ಇಟ್ಟಿದೆ. ಇದಕ್ಕೆ ಮೂಲ ಪುಟ ಬದಲಾಗಿರಬೇಕಿಲ್ಲ. ಆದರೆ ಅರ್ಜಿ ಒಪ್ಪಿದರೂ ಕೆಲವೊಮ್ಮೆ ನಿಮ್ಮ ಹೆಸರು ಹಾಕಿ ಹುಡುಕಿದಾಗ ಮಾತ್ರ ಆ ಪುಟ ಬರದಂತೆ ಮಾಡುತ್ತಾರೆ. ಪುಟವಂತೂ ತಾಣದಲ್ಲಿ ಇದ್ದೇ ಇರುತ್ತದೆ. ಹಳೆಯ ಅಭಿಪ್ರಾಯ, ಜಗಳ, ಹದಿಹರೆಯದ ಕವಿತೆ, ಇವಕ್ಕೆ ಈ ದಾರಿ ಇಲ್ಲ.

ಕಾನೂನು ಏನೆನ್ನುತ್ತದೆ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಮಾಹಿತಿ ಅಳಿಸಲು ಕೇಳುವ ಹಕ್ಕು ಕೊಡುತ್ತದೆ. ಆದರೆ 3ನೇ ಸೆಕ್ಷನ್ ಅದಕ್ಕೂ ಮೊದಲೇ ಬಾಗಿಲು ಹಾಕಿದೆ: ವ್ಯಕ್ತಿ ತಾನೇ ಬಹಿರಂಗವಾಗಿ ಪ್ರಕಟಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅದಕ್ಕೆ ಕಾಯ್ದೆಯೇ ಕೊಟ್ಟ ಉದಾಹರಣೆ, ಬ್ಲಾಗಿನಲ್ಲಿ ಅಭಿಪ್ರಾಯ ಬರೆಯುತ್ತಾ ತನ್ನ ವಿವರ ಹಾಕಿಕೊಂಡವಳದ್ದು! ಯುರೋಪಿನಿಂದ ನಡೆಯುವ ತಾಣವಾದರೆ ಅಲ್ಲಿನ ದತ್ತಾಂಶ ನಿಯಮದ 17ನೇ ವಿಧಿಯನ್ನು ಹೆಸರಿಸಿ ಕೇಳಬಹುದು. ಅವರು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು, ಕೇಳುವವರು ಭಾರತೀಯರಾಗಿದ್ದರೂ ಸರಿ.

ಕೊನೆಯದಾಗಿ ಪುಟದ ವಿಳಾಸವನ್ನು `web.archive.org`ನಲ್ಲಿ ಹಾಕಿ ನೋಡಿ. 1996ರಿಂದ ಅಂತರ್ಜಾಲದ ಪುಟಗಳ ನಕಲು ಕೂಡಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ನ ಸಂಗ್ರಹ ಅದು. ನಿಮ್ಮ ಪುಟ ಅಲ್ಲಿದ್ದರೆ `info@archive.org`ಗೆ ಬರೆದು ತೆಗೆಯಲು ಕೋರಬಹುದು. ತೆಗೆಯುವುದು ಬಿಡುವುದು ಅವರ ತೀರ್ಮಾನ, ತಾಣದ ಒಡೆಯರೇ ಕೋರಿದರೆ ಆ ಕೋರಿಕೆಗೆ ತೂಕ ಹೆಚ್ಚು. ಆದ್ದರಿಂದ ಅಡ್ಮಿನ್ ಒಮ್ಮೆ ಉತ್ತರಿಸಿದರೆ ಅದೇ ಪತ್ರದಲ್ಲಿ ಇದನ್ನೂ ಕೇಳಿಬಿಡಿ.

ಹಳೆಯ ಚರ್ಚಾತಾಣವನ್ನೋ ಬ್ಲಾಗನ್ನೋ ಇನ್ನೂ ನಡೆಸುತ್ತಿರುವವರಲ್ಲೂ ಒಂದು ವಿನಂತಿ: ಪುಟದ ಅಡಿಯಲ್ಲಿ ನೀವು ನಿಜವಾಗಿ ತೆರೆದು ನೋಡುವ ಒಂದು ಇಮೇಲ್ ವಿಳಾಸ ಹಾಕಿಡಿ.