ಎಲ್ಲಾ ಡಿಲೀಟ್ ಮಾಡಿದ್ರೂ ಪೆನ್‌ಡ್ರೈವ್ ಫುಲ್ ಅಂತಿದೆಯಾ? ಫಾರ್ಮ್ಯಾಟ್ ಒತ್ತುವ ಮುಂಚೆ ಇದನ್ನು ಓದಿ

ಹಂಪಾಪುರ: "ಅಣ್ಣ, ಎಲ್ಲಾ ಅಳಿಸಿಬಿಟ್ಟಿದ್ದೀನಿ, ಆದ್ರೂ ಜಾಗ ಇಲ್ಲ ಅಂತದೆ. ಒಂದ್ಸಲ ಫಾರ್ಮ್ಯಾಟ್ ಹೊಡೆದು ಕೊಡಿ." ಮೊಬೈಲ್ ಅಂಗಡಿ, ಜೆರಾಕ್ಸ್ ಅಂಗಡಿ, ಸ್ಟುಡಿಯೋ ನಡೆಸುವವರಿಗೆ ಈ ಮಾತು ಹೊಸದಲ್ಲ. ಟ್ರ್ಯಾಕ್ಟರ್‌ಗೆ ಹಾಡು ತುಂಬಿಸಿಕೊಳ್ಳಲು ತಂದ ಮೆಮೊರಿ ಕಾರ್ಡ್ ಇರಬಹುದು, ಆಧಾರ್, ಪಹಣಿ ಸ್ಕ್ಯಾನ್ ಇಟ್ಟುಕೊಂಡ ಪೆನ್‌ಡ್ರೈವ್ ಇರಬಹುದು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ, ಹೊಸದಾಗಿ ಏನಾದರೂ ಹಾಕಲು ಹೋದರೆ ಜಾಗವೂ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಜಾಗ ಸಿಗುತ್ತದೆ, ನಿಜ. ಆದರೆ ಆ ಕಾಣದ ಜಾಗದಲ್ಲಿ ಕುಳಿತಿರುವುದು ಕಸವೇ ಆಗಿರಬೇಕು ಅಂತೇನಿಲ್ಲ. ಬಹಳ ಸಲ ಅದು ಗಿರಾಕಿಯ ಫೈಲುಗಳೇ ಆಗಿರುತ್ತವೆ.

ಹಾಗಾಗಿ ಮೊದಲು ಮಾಡಬೇಕಾದ್ದು ಲೆಕ್ಕ. ಒಂದು ಉದಾಹರಣೆ ಇಟ್ಟುಕೊಳ್ಳಿ. ಡಿಟಿಪಿ ಅಂಗಡಿಯೊಂದರ 16 ಜಿಬಿ ಪೆನ್‌ಡ್ರೈವ್. ಮದುವೆ ಕಾರ್ಡು, ಫ್ಲೆಕ್ಸ್ ಡಿಸೈನುಗಳನ್ನು ಹಾಕಿಕೊಂಡು ಕೋಟೆಗೋ ಮೈಸೂರಿಗೋ ಪ್ರಿಂಟ್‌ಗೆ ಓಡಾಡುವ ಪೆನ್‌ಡ್ರೈವ್ ಅದು. ಹಳೆಯದನ್ನೆಲ್ಲ ಅಳಿಸಿದ ಮೇಲೂ 3 ಜಿಬಿಯ ಒಂದು ವಿಡಿಯೋ ಹಿಡಿಯುತ್ತಿಲ್ಲ. ಕಂಪ್ಯೂಟರಿನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ Properties ನೋಡಿದರೆ ಒಟ್ಟು 14.9 ಜಿಬಿ, ಬಳಕೆಯಾಗಿದ್ದು 12.3 ಜಿಬಿ, ಖಾಲಿ 2.6 ಜಿಬಿ. (16 ಇದ್ದದ್ದು 14.9 ಆಗಿದ್ದಕ್ಕೆ ಗಾಬರಿ ಬೇಡ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೆ.)

ಈಗ ಡ್ರೈವ್ ತೆರೆದು, ಕಣ್ಣಿಗೆ ಕಾಣುವುದನ್ನೆಲ್ಲ Ctrl+A ಒತ್ತಿ ಹಿಡಿದು, ಮತ್ತೆ Properties ನೋಡಬೇಕು. ಅಲ್ಲಿ Size on disk ಅನ್ನುವ ಸಾಲಿನಲ್ಲಿ 4.1 ಜಿಬಿ ಇದೆ ಎಂದುಕೊಳ್ಳಿ. ಡ್ರೈವ್ ಹೇಳುವುದು 12.3, ಕಾಣುವ ಫೈಲುಗಳು ಹೇಳುವುದು 4.1. ನಡುವಿನ 8.2 ಜಿಬಿ ಎಲ್ಲಿ? ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಇದ್ದಿದ್ದರೆ, ಅಳಿಸಿದ್ದೇ ಸಾಲದು ಅಂತ ಅರ್ಥ. ವ್ಯತ್ಯಾಸ ದೊಡ್ಡದಿದ್ದರೆ ಮಾತ್ರ ಹುಡುಕಾಟ ಶುರು ಮಾಡಬೇಕು.

ಕಾಣುವ 4.1 ಜಿಬಿಯಲ್ಲೇ ಮೊದಲ ಕಳ್ಳ ಇದ್ದಾನೆ. `.Trash-1000` ಎಂಬ ಫೋಲ್ಡರ್. ಸಿಸ್ಟಮ್ಮಿನದ್ದೇನೋ ಇರಬೇಕು, ನಮಗ್ಯಾಕೆ ಅಂತ ಯಾರೂ ಮುಟ್ಟಿರುವುದಿಲ್ಲ. ಒಳಗೆ 3 ಜಿಬಿ ಇದೆ. ಇದು ಲಿನಕ್ಸ್ ಕಂಪ್ಯೂಟರಿನ ಕಸದಬುಟ್ಟಿ. ವಿಂಡೋಸ್‌ನಲ್ಲಿ ಪೆನ್‌ಡ್ರೈವಿನ ಫೈಲ್ ಅಳಿಸಿದರೆ ಅದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗದೆ ನೇರವಾಗಿ ಹೋಗಿಬಿಡುತ್ತದೆ. ಲಿನಕ್ಸ್‌ನಲ್ಲಿ ಹಾಗಲ್ಲ, ಅಳಿಸಿದ್ದು ಅದೇ ಪೆನ್‌ಡ್ರೈವಿನೊಳಗೆ ಇನ್ನೊಂದು ಫೋಲ್ಡರಿಗೆ ಹೋಗಿ ಕೂರುತ್ತದೆ. ಮನೆಯ ಕಸ ಗುಡಿಸಿ ಅದೇ ಮನೆಯ ಮಂಚದ ಕೆಳಗೆ ತಳ್ಳಿದ ಹಾಗೆ. ನಮ್ಮ ಕಡೆ ಲಿನಕ್ಸ್ ಯಾರು ಬಳಸ್ತಾರೆ ಅನ್ನಬೇಡಿ. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಕೇರಳ, ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಲಿನಕ್ಸೇ. ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಅದೇ. ಆಪಲ್ ಕಂಪ್ಯೂಟರ್ ಇರುವ ಕಡೆ ಅಳಿಸಿದ್ದರೆ ಇದೇ ಬುಟ್ಟಿ `.Trashes` ಎಂಬ ಹೆಸರಿನಲ್ಲಿ ಇರುತ್ತದೆ. ಒಳಗೆ ಒಮ್ಮೆ ಕಣ್ಣಾಡಿಸಿ, ಬೇಕಾದ್ದೇನೂ ಇಲ್ಲದಿದ್ದರೆ ಆ ಫೋಲ್ಡರನ್ನೇ ಅಳಿಸಿದರೆ ಆಯಿತು, 3 ಜಿಬಿ ವಾಪಸ್.

ಆಂಡ್ರಾಯ್ಡ್ ಫೋನಿನದ್ದೂ ಇದೇ ಕಥೆ. ಹೊಸ ಫೋನುಗಳಲ್ಲಿ ಗ್ಯಾಲರಿಯಿಂದ ಫೋಟೋ ಅಳಿಸಿದರೆ ಅದು ಸಾಮಾನ್ಯವಾಗಿ 30 ದಿನ ಟ್ರ್ಯಾಶ್‌ನಲ್ಲಿರುತ್ತದೆ. ಎಷ್ಟೋ ಫೋನುಗಳಲ್ಲಿ ಫೈಲ್ ಇದ್ದ ಜಾಗದಿಂದ ಅಲ್ಲಾಡುವುದೂ ಇಲ್ಲ, ಹೆಸರಿನ ಮುಂದೆ `.trashed-` ಸೇರಿಕೊಳ್ಳುತ್ತದೆ, ಅಷ್ಟೆ. ಚುಕ್ಕಿಯಿಂದ ಶುರುವಾಗುವ ಹೆಸರನ್ನು ಫೋನು ತೋರಿಸುವುದಿಲ್ಲ. ಕಾರ್ಡಿನ ಜಾಗ ಮಾತ್ರ ಹಾಗೇ ಭರ್ತಿ. ಗ್ಯಾಲರಿಯ ಟ್ರ್ಯಾಶ್‌ಗೆ ಹೋಗಿ ಖಾಲಿ ಮಾಡಿದಾಗಲೇ ಜಾಗ ಬಿಡುಗಡೆ.

ಇಲ್ಲೊಂದು ಒಳ್ಳೇ ಉಪಾಯವಿದೆ. ಬಚ್ಚಿಡುವ ವಿಷಯದಲ್ಲಿ ಫೋನಿನ ನಿಯಮ ಬೇರೆ, ವಿಂಡೋಸಿನ ನಿಯಮ ಬೇರೆ. ಫೋನು, ಲಿನಕ್ಸ್ ಹೆಸರಿನ ಮುಂದಿನ ಚುಕ್ಕಿ ನೋಡಿ ಬಚ್ಚಿಡುತ್ತವೆ, ವಿಂಡೋಸಿಗೆ ಆ ಚುಕ್ಕಿಯ ಹಂಗಿಲ್ಲ. ವಿಂಡೋಸ್ ಫೈಲಿಗೆ ಹಿಡನ್ ಎಂಬ ಗುರುತು ಹಚ್ಚಿ ಬಚ್ಚಿಡುತ್ತದೆ, ಆ ಗುರುತನ್ನು ಫೋನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಫೋನಿನಲ್ಲಿ ಫುಲ್ ಅನ್ನುವ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿ. ಕಂಪ್ಯೂಟರಿನಲ್ಲಿ ಫುಲ್ ಅನ್ನುವ ಪೆನ್‌ಡ್ರೈವನ್ನು ಓಟಿಜಿ ಮೂಲಕ ಫೋನಿಗೆ ಹಾಕಿ ನೋಡಿ. ಒಂದು ಕಡೆ ಅಡಗಿದ್ದು ಇನ್ನೊಂದು ಕಡೆ ಎದ್ದು ಕಾಣುತ್ತದೆ.

ನಮ್ಮ ಡಿಟಿಪಿ ಪೆನ್‌ಡ್ರೈವನ್ನು ಹಾಗೆ ಫೋನಿಗೆ ಹಾಕಿದಾಗ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣಿಸಿಕೊಳ್ಳುತ್ತದೆ. ಒಳಗೆ 7 ಜಿಬಿ. ಹೋದ ತಿಂಗಳ ಮದುವೆ ಕಾರ್ಡುಗಳು, ನುಡಿಯಲ್ಲಿ ಟೈಪ್ ಮಾಡಿದ ಕರಾರು ಪತ್ರಗಳು, ಗಿರಾಕಿಗಳ ಫೋಟೋ, ಎಲ್ಲವೂ ಅಲ್ಲೇ. ಇದು ಶಾರ್ಟ್‌ಕಟ್ ವೈರಸ್ಸಿನ ಕೆಲಸ. ಪೆನ್‌ಡ್ರೈವಿನಲ್ಲಿದ್ದ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ, ಆ ಫೋಲ್ಡರಿಗೆ ಖಾಲಿಯಂತೆ ಕಾಣುವ ಅಕ್ಷರವೊಂದನ್ನು ಹೆಸರಾಗಿಟ್ಟು, ಹಿಡನ್ ಮತ್ತು ಸಿಸ್ಟಮ್ ಎಂಬ ಎರಡು ಗುರುತು ಹಚ್ಚಿಬಿಡುತ್ತದೆ. ಹೊರಗೆ ಡ್ರೈವಿನದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಇಡುತ್ತದೆ. ಅದನ್ನು ಡಬಲ್ ಕ್ಲಿಕ್ ಮಾಡಿದವರ ಕಂಪ್ಯೂಟರಿಗೂ ವೈರಸ್ ಇಳಿಯುತ್ತದೆ. ಮಾಲೀಕರು ಆ ಶಾರ್ಟ್‌ಕಟ್ ಅಳಿಸಿ, ಪೆನ್‌ಡ್ರೈವ್ ಖಾಲಿಯಾಯಿತು ಅಂದುಕೊಂಡಿರುತ್ತಾರೆ. ಇಲ್ಲಿ ಫಾರ್ಮ್ಯಾಟ್ ಒತ್ತಿದ್ದರೆ ಆ 7 ಜಿಬಿ ಕೆಲಸ ಹೋಗುತ್ತಿತ್ತು.

ಕಂಪ್ಯೂಟರಿನಲ್ಲೇ ಇದನ್ನು ಹೊರತರಬೇಕಾದರೆ View ಮೆನುವಿನಲ್ಲಿ Hidden items ಒತ್ತಿದರೆ ಸಾಲದು, ಸಿಸ್ಟಮ್ ಗುರುತೂ ಇರುವುದರಿಂದ ಫೋಲ್ಡರ್ ಇನ್ನೂ ಕಾಣುವುದಿಲ್ಲ. ಮೊದಲು ವಿಂಡೋಸಿನ ಆಂಟಿವೈರಸ್‌ನಿಂದ ಡ್ರೈವನ್ನು ಸ್ಕ್ಯಾನ್ ಮಾಡಿ. ಆಮೇಲೆ ಸ್ಟಾರ್ಟ್‌ನಲ್ಲಿ cmd ಎಂದು ಟೈಪ್ ಮಾಡಿ, Run as administrator ಕೊಟ್ಟು, ಈ ಸಾಲು ಹಾಕಿ:

```
attrib -h -r -s /s /d E:\*.*
```

E ಅನ್ನುವ ಜಾಗದಲ್ಲಿ ನಿಮ್ಮ ಪೆನ್‌ಡ್ರೈವಿನ ಅಕ್ಷರ ಇರಬೇಕು. ತಪ್ಪಿ C ಹಾಕಿದರೆ ಕಂಪ್ಯೂಟರಿನ ಸ್ವಂತ ಫೈಲುಗಳ ಗುರುತುಗಳೇ ಅಳಿಸುತ್ತವೆ, ಎರಡು ಸಲ ನೋಡಿಕೊಳ್ಳಿ. ಸಾಲು ಮುಗಿದ ಮೇಲೆ ಹೆಸರಿಲ್ಲದ ಫೋಲ್ಡರ್ ಮಾಮೂಲಿ ಫೋಲ್ಡರಿನಂತೆ ಕಾಣುತ್ತದೆ. ಅದಕ್ಕೊಂದು ಹೆಸರು ಕೊಟ್ಟು, ಬೇಕಾದ ಫೈಲುಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಿ. ಶಾರ್ಟ್‌ಕಟ್‌ಗಳನ್ನು, .vbs ಎಂದು ಕೊನೆಯಾಗುವ ಗುರುತಿಲ್ಲದ ಫೈಲುಗಳನ್ನು ಕಾಪಿ ಮಾಡಬೇಡಿ. ಇದೇ ಹೊತ್ತಿಗೆ System Volume Information ಎಂಬ ಫೋಲ್ಡರೂ ಕಾಣಬಹುದು. ಅದು ವಿಂಡೋಸ್ ಮಾಡಿಕೊಂಡದ್ದು. ಪೆನ್‌ಡ್ರೈವಿನಲ್ಲಿ ಅದು ತೀರಾ ಚಿಕ್ಕದು, ಅದರ ಗೊಡವೆ ಬೇಡ.

ಲೆಕ್ಕಕ್ಕೆ ಮರಳಿದರೆ, ಕಾಣದಿದ್ದ 8.2 ಜಿಬಿಯಲ್ಲಿ 7 ಸಿಕ್ಕಿತು. ಇನ್ನೂ 1.2 ಜಿಬಿ ಬಾಕಿ. ಅದು ಯಾವ ಫೋಲ್ಡರಿನಲ್ಲೂ ಇಲ್ಲ, ಯಾವ ಫೋನಿಗೆ ಹಾಕಿದರೂ ಕಾಣುವುದಿಲ್ಲ.

ಇದು ಅರ್ಥವಾಗಲು ಪಹಣಿಯನ್ನು ನೆನೆಸಿಕೊಳ್ಳಿ. ಪೆನ್‌ಡ್ರೈವಿನ ಜಾಗವನ್ನು ಚಿಕ್ಕ ಚಿಕ್ಕ ತಾಕುಗಳಾಗಿ ಹಂಚಿರುತ್ತಾರೆ, ಇವಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಯಾವ ತಾಕು ಭರ್ತಿ, ಯಾವುದು ಖಾಲಿ ಎಂದು ಬರೆದಿಡಲು ಒಂದು ಪಟ್ಟಿ. ಯಾವ ಫೈಲು ಯಾವ ತಾಕಿನಿಂದ ಶುರು ಎಂದು ಬರೆಯಲು ಇನ್ನೊಂದು ಪಟ್ಟಿ. ಹೆಚ್ಚಿನ ಪೆನ್‌ಡ್ರೈವ್, ಕಾರ್ಡುಗಳಲ್ಲಿರುವ FAT32, exFAT ಎಂಬ ಪದ್ಧತಿಗಳು ನಡೆಯುವುದು ಹೀಗೆ. ಫೈಲ್ ಕಾಪಿ ಆಗುತ್ತಿರುವಾಗಲೇ ಪೆನ್‌ಡ್ರೈವ್ ಎಳೆದರೆ, ಇಲ್ಲವೇ ಕರೆಂಟ್ ಹೋದರೆ, ಮೊದಲ ಪಟ್ಟಿಯಲ್ಲಿ "ಈ ತಾಕು ಭರ್ತಿ" ಎಂದು ಬರೆದಾಗಿರುತ್ತದೆ, ಎರಡನೆಯದರಲ್ಲಿ ಫೈಲಿನ ಹೆಸರು ಬಿದ್ದಿರುವುದಿಲ್ಲ. ವಾರಸುದಾರರಿಲ್ಲದ ಜಮೀನು, ಆದರೆ ದಾಖಲೆಯಲ್ಲಿ ಖಾಲಿಯೂ ಅಲ್ಲ. ಹೆಸರೇ ಇಲ್ಲದ ಫೈಲನ್ನು ಅಳಿಸುವುದು ಹೇಗೆ? ಅದಕ್ಕೇ ಎಷ್ಟು ಡಿಲೀಟ್ ಮಾಡಿದರೂ ಆ ಜಾಗ ಬರುವುದಿಲ್ಲ.

ಎರಡೂ ಪಟ್ಟಿಯನ್ನು ತಾಳೆ ಹಾಕಿಸುವ ಸಾಲು ಇದು. ಬೇಕಾದ್ದನ್ನು ಕಾಪಿ ಮಾಡಿಕೊಂಡ ಮೇಲೆಯೇ ಇದನ್ನು ಹಾಕಬೇಕು, ಏಕೆಂದರೆ ಇದು ಡ್ರೈವಿನ ದಾಖಲೆಯನ್ನೇ ತಿದ್ದುತ್ತದೆ.

```
chkdsk E: /f
```

ಹೀಗೆ ವಾರಸುದಾರರಿಲ್ಲದ ತಾಕುಗಳು ಸಿಕ್ಕರೆ ಅದು Convert lost chains to files (Y/N)? ಎಂದು ಕೇಳುತ್ತದೆ. ಬಹಳ ಜನ ಎಡವುವುದು ಇಲ್ಲೇ. ಒಳ್ಳೆಯದಿರಬೇಕು ಅಂತ Y ಒತ್ತಿದರೆ ಅವೆಲ್ಲ FOUND.000 ಎಂಬ ಬಚ್ಚಿಟ್ಟ ಫೋಲ್ಡರಿನಲ್ಲಿ FILE0000.CHK ಎಂಬಂಥ ಹೆಸರಿನ ಫೈಲುಗಳಾಗುತ್ತವೆ. ಜಾಗ ವಾಪಸ್ ಬರುವುದಿಲ್ಲ, ಅಡಗುವ ಜಾಗ ಬದಲಾಯಿತು ಅಷ್ಟೆ. N ಒತ್ತಿದರೆ ತಾಕುಗಳು ಖಾಲಿ ಎಂದು ದಾಖಲಾಗಿ 1.2 ಜಿಬಿ ಕೈಗೆ ಬರುತ್ತದೆ. ಕಾಪಿ ಆಗುವಾಗ ಹಾಳಾದ ಫೋಟೋ ಮತ್ತೆ ಬೇಕೇಬೇಕು ಅನ್ನುವವರಿಗೆ ಮಾತ್ರ Y. ಹಿಂದೆ ಯಾರೋ Y ಒತ್ತಿದ್ದ ಕಾರ್ಡುಗಳಲ್ಲಿ FOUND.000 ತುಂಬಿಕೊಂಡಿರುವುದೂ ಉಂಟು, ಅದನ್ನು ಧಾರಾಳವಾಗಿ ಅಳಿಸಬಹುದು.

ದೊಡ್ಡ ಕಾರ್ಡುಗಳಲ್ಲಿ ಸಣ್ಣ ಫೈಲುಗಳ ಕಾಟವೂ ಒಂದಿದೆ. ಒಂದು ತಾಕಿನಲ್ಲಿ ಒಂದೇ ಫೈಲ್ ಇರಬಹುದು, ಅರ್ಧ ತಾಕು ಯಾರಿಗೂ ಕೊಡುವಂತಿಲ್ಲ. 64 ಜಿಬಿಯಂಥ exFAT ಕಾರ್ಡಿನಲ್ಲಿ ತಾಕಿನ ಅಳತೆ ಸಾಮಾನ್ಯವಾಗಿ 128 ಕೆಬಿ. 5 ಕೆಬಿಯ ಚಿಕ್ಕ ಚಿತ್ರವೂ 128 ಕೆಬಿ ಹಿಡಿಯುತ್ತದೆ. ಇಂಥ 10,000 ಚಿತ್ರಗಳ ನಿಜವಾದ ತೂಕ 50 ಎಂಬಿ ಆದರೂ ಕಾರ್ಡಿನಲ್ಲಿ ಹೋಗುವುದು ಸುಮಾರು ಒಂದೂಕಾಲು ಜಿಬಿ. Properties ನೋಡುವಾಗ Size ಬಿಟ್ಟು Size on disk ನೋಡಬೇಕು ಅಂದದ್ದು ಇದಕ್ಕೇ.

ಜಾಗ ಇದ್ದೂ ಮದುವೆ ವಿಡಿಯೋ ಹಿಡಿಯದಿದ್ದರೆ ಅದು ಬೇರೆ ಕಾಯಿಲೆ. FAT32ನಲ್ಲಿ ಒಂದು ಫೈಲ್ 4 ಜಿಬಿ ತಲುಪುವಂತಿಲ್ಲ. ಎಷ್ಟೇ ಅಳಿಸಿದರೂ ಅದು ಬದಲಾಗುವುದಿಲ್ಲ. ಎಲ್ಲಾ ಕಾಪಿ ಮಾಡಿಕೊಂಡು exFATಗೆ ಫಾರ್ಮ್ಯಾಟ್ ಮಾಡಬೇಕು. ಆದರೆ ಹಳೇ ಟ್ರ್ಯಾಕ್ಟರ್, ಕಾರಿನ ಮ್ಯೂಸಿಕ್ ಸಿಸ್ಟಮ್ಮುಗಳು exFAT ಓದದೇ ಇರಬಹುದು, ಹಾಡಿನ ಪೆನ್‌ಡ್ರೈವನ್ನು FAT32ರಲ್ಲೇ ಬಿಡಿ.

ಕೊನೆಗೆ ಇನ್ನೊಂದು ಬಗೆ. ಫೈಲ್ ಅಳಿಸುತ್ತೀರಿ, ಹೋಗುತ್ತದೆ. ಕಾರ್ಡ್ ತೆಗೆದು ಮತ್ತೆ ಹಾಕಿದರೆ ಅದೇ ಫೈಲುಗಳು ಅದೇ ಜಾಗದಲ್ಲಿ. ಫಾರ್ಮ್ಯಾಟ್ ಮಾಡಿದರೂ ಹಾಗೇ. ದೊಡ್ಡ ಎಸ್‌ಡಿ ಕಾರ್ಡಾದರೆ ಪಕ್ಕದಲ್ಲಿರುವ ಲಾಕ್ ಗುಂಡಿ ಕೆಳಗೆ ಜಾರಿದೆಯೇ ನೋಡಿ, ಲಾಕ್ ಆಗಿದ್ದರೆ ಸಾಮಾನ್ಯವಾಗಿ ಕಂಪ್ಯೂಟರ್ ಅಳಿಸಲು ಬಿಡುವುದೇ ಇಲ್ಲ. ಮೈಕ್ರೋ ಕಾರ್ಡಾದರೆ ಒಳಗಿನ ಚಿಪ್ ಸವೆದು, ಓದಲು ಮಾತ್ರ ಬಿಟ್ಟು ಬರೆಯುವುದನ್ನು ನಿಲ್ಲಿಸಿದೆ ಎಂದರ್ಥ. ಅದಕ್ಕೆ ಸಾಫ್ಟ್‌ವೇರ್ ಮದ್ದಿಲ್ಲ. ಓದಲು ಬರುತ್ತಿರುವಾಗಲೇ ಎಲ್ಲವನ್ನೂ ಕಾಪಿ ಮಾಡಿಕೊಂಡು ಹೊಸ ಕಾರ್ಡ್ ತೆಗೆದುಕೊಳ್ಳಿ. ಹಳೆಯದನ್ನು ಎಸೆಯುವ ಮುಂಚೆ ಮುರಿದು ಎಸೆಯಿರಿ, ನಿಮ್ಮ ಫೋಟೋಗಳು ಅದರಲ್ಲಿ ಇನ್ನೂ ಓದುವಂತೆಯೇ ಇವೆ.