ಏಕಶಿಲಾ ದೇವಾಲಯಗಳ ನಿರ್ಮಾಣ ವಿಧಾನ

ಏಕಶಿಲಾ ದೇವಾಲಯವೆಂದರೆ ಬಿಡಿ ಕಲ್ಲುಗಳನ್ನು ಜೋಡಿಸದೆ, ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ರೂಪಿಸಿದ ದೇವಾಲಯ. ಮಹಾರಾಷ್ಟ್ರದ ಎಲ್ಲೋರದಲ್ಲಿರುವ ಕೈಲಾಸ ದೇವಾಲಯ (16ನೆಯ ಗುಹೆ) ಇದರ ಅತಿದೊಡ್ಡ ಉದಾಹರಣೆ. ಇದರ ಮುಖ್ಯ ಭಾಗವು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದೆಂದು (ಸುಮಾರು ಕ್ರಿ.ಶ. 756–773) ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಕಂದಕಗಳು

ಎಲ್ಲೋರದ ಬೆಟ್ಟವು ಬಸಾಲ್ಟ್ ಶಿಲೆಯದು. ಶಿಲ್ಪಿಗಳು ಬೆಟ್ಟದ ಇಳಿಜಾರಿನಲ್ಲಿ ಮೊದಲು ಎರಡು ಸಮಾನಾಂತರ ಕಂದಕಗಳನ್ನೂ, ಅವುಗಳನ್ನು ಹಿಂಬದಿಯಲ್ಲಿ ಕೂಡಿಸುವ ಮೂರನೆಯದನ್ನೂ ತೋಡಿದರು. ಇದರಿಂದ ನಡುವೆ ಒಂದು ಬೃಹತ್ ಶಿಲಾಖಂಡವು ಬೇರ್ಪಟ್ಟು ಉಳಿಯಿತು. ಹೀಗೆ ಉಂಟಾದ ಅಂಗಳವು ಸುಮಾರು 82 ಮೀಟರ್ ಉದ್ದ, 46 ಮೀಟರ್ ಅಗಲವಿದ್ದು, ಹಿಂಬದಿಯಲ್ಲಿ 30 ಮೀಟರಿಗೂ ಹೆಚ್ಚು ಆಳವಾಗಿದೆ.

ಶಿಖರದಿಂದ ಅಧಿಷ್ಠಾನಕ್ಕೆ

ಕೆತ್ತನೆಯು ಶಿಖರದಿಂದ ಆರಂಭವಾಗಿ ಕೆಳಗಿಳಿಯಿತು. ಇನ್ನೂ ಕಡಿಯದ ಬಂಡೆಯೇ ಶಿಲ್ಪಿಗೆ ನಿಲ್ಲುವ ನೆಲವಾಗುತ್ತಿದ್ದುದರಿಂದ ಎತ್ತರದ ಅಟ್ಟಣೆಗಳ ಅಗತ್ಯವಿರಲಿಲ್ಲ. ಭಾರವಾದ ಕಲ್ಲುಗಳನ್ನು ಮೇಲೇರಿಸುವ ಶ್ರಮವೂ ಇರಲಿಲ್ಲ. ಆದರೆ ಕಟ್ಟಡದಲ್ಲಿ ಕೆಟ್ಟ ಕಲ್ಲನ್ನು ಬದಲಿಸುವಂತೆ ಇಲ್ಲಿ ಕಡಿದು ತೆಗೆದುದನ್ನು ಮರಳಿ ಇಡಲಾಗದು. ಆದ್ದರಿಂದ ಕೆಳಗೆ ಬರಬೇಕಾದ ಭಾಗಗಳಿಗೆ ಬೇಕಾದ ಕಲ್ಲನ್ನು ಮೇಲಿನ ಹಂತದಲ್ಲಿಯೇ ಲೆಕ್ಕಹಾಕಿ ಉಳಿಸಬೇಕಿತ್ತು. ಅಂಗಳದ ಎರಡು ಧ್ವಜಸ್ತಂಭಗಳು, ಆನೆಗಳು, ಹಾಗೂ ದ್ವಾರ, ನಂದಿಮಂಟಪ ಮತ್ತು ಮುಖ್ಯ ಮಂಟಪಗಳನ್ನು ಮೇಲಂತಸ್ತಿನಲ್ಲಿ ಜೋಡಿಸುವ ಕಲ್ಲಿನ ಸೇತುವೆಗಳು ಹೀಗೆ ಉಳಿಸಿಕೊಂಡ ಬಂಡೆಯಿಂದಲೇ ಮೂಡಿದವು. ಆನೆಗಳ ಸಾಲು ಹೊತ್ತಂತೆ ಕಾಣುವ ಎತ್ತರದ ಅಧಿಷ್ಠಾನವು ಬಹುಪಾಲು ಗಟ್ಟಿ ಬಂಡೆಯೇ ಆಗಿದೆ. ಹದಿನಾರು ಕಂಬಗಳ ಸಭಾಮಂಟಪವನ್ನು ಅದರ ಮೇಲಿನ ಅಂತಸ್ತಿನಲ್ಲಿ ಒಳಗೆ ಟೊಳ್ಳುಮಾಡಿ ರಚಿಸಲಾಗಿದೆ.

ಮಾದರಿ

ಇಷ್ಟು ಖಚಿತವಾದ ಯೋಜನೆಗೆ ಕಟ್ಟಿದ ದೇವಾಲಯವೊಂದು ಆಧಾರವಾಗಿತ್ತು. ಕೈಲಾಸದ ವಿನ್ಯಾಸವು ಕರ್ನಾಟಕದ ಪಟ್ಟದಕಲ್ಲಿನಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ಹೋಲುತ್ತದೆ. ಎರಡರಲ್ಲಿಯೂ ಪ್ರತ್ಯೇಕ ನಂದಿಮಂಟಪ, ಕಂಬಗಳ ಸಭಾಮಂಟಪ ಮತ್ತು ದ್ರಾವಿಡ ಶೈಲಿಯ ವಿಮಾನಗಳು ಒಂದೇ ಸಾಲಿನಲ್ಲಿವೆ. ಕಲ್ಲು ಜೋಡಿಸುವ ಕಟ್ಟಡಕ್ಕೆ ಮಾತ್ರ ಅಗತ್ಯವಾದ ತೊಲೆ, ಬೋದಿಗೆಗಳಂತಹ ಅಂಗಗಳನ್ನೂ ಎಲ್ಲೋರದಲ್ಲಿ ಬಂಡೆಯಲ್ಲಿಯೇ ಕೆತ್ತಿದ್ದಾರೆ.

ಪುರಾವೆ

ಪೂರ್ಣಗೊಂಡ ಕೃತಿಯಲ್ಲಿ ಕೆಲಸದ ಕ್ರಮವು ಮರೆಯಾಗುತ್ತದೆ. ಅಪೂರ್ಣ ಕೃತಿಗಳಲ್ಲಿ ಅದು ಕಾಣುತ್ತದೆ. ತಮಿಳುನಾಡಿನ ಮಾಮಲ್ಲಪುರದಲ್ಲಿ ಪಲ್ಲವರ ಕಾಲದ ಪಿಡಾರಿ ರಥಗಳು ಮತ್ತು ವಲೈಯನ್‌ಕುಟ್ಟೈ ರಥದಲ್ಲಿ ಮೇಲಿನ ಅಂತಸ್ತುಗಳು ಸ್ಪಷ್ಟ ರೂಪ ಪಡೆದಿದ್ದರೆ, ಬುಡವು ಒರಟು ಬಂಡೆಯಾಗಿಯೇ ಉಳಿದಿದೆ. ಬುಡದಿಂದ ಕೆಲಸ ಆರಂಭವಾಗಿದ್ದರೆ ಇದಕ್ಕೆ ವಿರುದ್ಧವಾದ ಸ್ಥಿತಿ ಇರುತ್ತಿತ್ತು. ಆದುದರಿಂದ ಈ ರಥಗಳು ಮೇಲಿನಿಂದ ಕೆಳಕ್ಕೆ ಕೆತ್ತುವ ಕ್ರಮದ ನೇರ ಸಾಕ್ಷ್ಯಗಳಾಗಿವೆ.